ಒಂದೇ ಮನೆ, ಎರಡು ಗಂಟಲು ನೋವು

ಕಳೆದ ದೀಪಾವಳಿಗೆ ದಾವಣಗೆರೆಗೆ ಹೊರಟಾಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಜಿತ್ರೋಮೈಸಿನ್ 500ರ ಎರಡು ಮಾತ್ರೆ ಉಳಿದಿದ್ದವು. ಆಗಸ್ಟ್‌ನಲ್ಲಿ ಗಂಟಲು ನೋವು ಬಂದಾಗ ಆಫೀಸಿನ ಕೆಳಗಿನ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಂಡಿದ್ದೆ. ಚೀಟಿ ಏನೂ ಇರಲಿಲ್ಲ. ಐದು ಮಾತ್ರೆ ಕೊಟ್ಟಿದ್ರು, ಮೂರು ನುಂಗಿ ಹುಷಾರಾಗಿದ್ದೆ. ಉಳಿದ ಎರಡನ್ನ 'ಮುಂದೆ ಬೇಕಾಗುತ್ತೆ' ಅಂತ ಎತ್ತಿಟ್ಟಿದ್ದೆ. ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲೂ ಇಂಥ ಅರ್ಧ ಸ್ಟ್ರಿಪ್ ಒಂದಾದರೂ ಇರಬಹುದು.

ಹಬ್ಬದ ವಾರ ಸೋಮವಾರವೇ ನನಗೆ ಮತ್ತೆ ಗಂಟಲು ಕೆರೆತ ಶುರುವಾಗಿತ್ತು. ಮರುದಿನ ಮೂಗು ಸೋರಿಕೆ, ಬುಧವಾರ ಕೆಮ್ಮು. ಗುರುವಾರ ಊರು ಸೇರುವ ಹೊತ್ತಿಗೆ ದನಿ ಕಟ್ಟಿತ್ತು. ಶುಕ್ರವಾರ ರಾತ್ರಿ ಅಕ್ಕನ ಎಂಟು ವರ್ಷದ ಮಗಳಿಗೂ ಜ್ವರ ಬಂತು. "ಮಾಮ, ಉಗುಳು ನುಂಗಕ್ಕೂ ಆಗ್ತಿಲ್ಲ" ಅಂತ ಅಳ್ತಾ ಕೂತಳು. ಥರ್ಮಾಮೀಟರ್ 102 ತೋರಿಸ್ತು.

"ನಿನ್ನಿಂದಾನೇ ಹತ್ತಿರೋದು ಕಣೋ. ನಿನ್ನ ಹತ್ರ ಮಾತ್ರೆ ಉಳಿದಿದೆಯಲ್ಲ, ನೀನೊಂದು ತಗೋ, ಅವಳಿಗೆ ಅರ್ಧ ಕೊಡೋಣ" ಅಂದಳು ಅಕ್ಕ. ನಾನೂ ಬ್ಯಾಗ್ ಜಿಪ್ ತೆಗೆದಿದ್ದೆ. ಅಮ್ಮ ತಡೆದರು: "ಮಗೂಗೆ ಅಂದಾಜಿನ ಮೇಲೆ ಔಷಧಿ ಕೊಡಬೇಡ್ರಿ. ಬೆಳಿಗ್ಗೆ ಡಾಕ್ಟರ್ ಹತ್ರ ಹೋಗಿ." ರಾತ್ರಿಗೆ ಜ್ವರದ ಸಿರಪ್ ಮಾತ್ರ ಕೊಟ್ಟು, ಶನಿವಾರ ಬೆಳಿಗ್ಗೆ ಇಬ್ಬರೂ ಹೋದೆವು.

ಅಲ್ಲಿ ಆಗಿದ್ದು ನಾವು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ. ಮಗುವಿಗೆ ಹತ್ತು ದಿನದ ಆಂಟಿಬಯಾಟಿಕ್ ಬರೆದರು. ನನಗೆ ಒಂದೂ ಇಲ್ಲ.

ನಾಲ್ಕು ಪ್ರಶ್ನೆ

ಡಾಕ್ಟರ್ ನಮ್ಮಿಬ್ಬರಲ್ಲೂ ನೋಡಿದ್ದು ಅವೇ ನಾಲ್ಕು ವಿಷಯ. ಜ್ವರ 100.4 ದಾಟಿದೆಯಾ? ಕೆಮ್ಮು ಇದೆಯಾ, ಇಲ್ಲವಾ? ದವಡೆಯ ಕೆಳಗೆ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳಿವೆಯಾ? ಟಾನ್ಸಿಲ್ ಊದಿದೆಯಾ, ಅದರ ಮೇಲೆ ಬಿಳಿ ಕೀವಿನ ಚುಕ್ಕೆಗಳಿವೆಯಾ?

ಇದಕ್ಕೆ ಸೆಂಟರ್ ಸ್ಕೋರ್ ಅಂತ ಹೆಸರು. ಅಮೆರಿಕದ ರಾಬರ್ಟ್ ಸೆಂಟರ್ ಎಂಬ ವೈದ್ಯರು 1981ರಲ್ಲಿ ಕೊಟ್ಟದ್ದು. ಜ್ವರ, ಗಂಟು, ಊದಿದ ಅಥವಾ ಕೀವು ಕಟ್ಟಿದ ಟಾನ್ಸಿಲ್‌ಗೆ ಒಂದೊಂದು ಅಂಕ. ಕೆಮ್ಮಿಗೆ ಮಾತ್ರ ಲೆಕ್ಕ ತಿರುಗುಮುರುಗು: ಕೆಮ್ಮು ಇಲ್ಲದಿದ್ದರೆ ಒಂದು ಅಂಕ. ಯಾಕಂದ್ರೆ ಕೆಮ್ಮು, ನೆಗಡಿ, ದನಿ ಕಟ್ಟೋದು ಇವೆಲ್ಲ ಸಾಮಾನ್ಯವಾಗಿ ವೈರಸ್‌ನ ಗುರುತು. ಗಂಟಲಿನ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೋಕಾಕಸ್. ಅದು ಗಂಟಲಿನ ಮೇಲೆ ನೇರವಾಗಿ ಎರಗುತ್ತೆ, ಸಾಮಾನ್ಯವಾಗಿ ಮೂಗಿನ ಸುದ್ದಿಗೆ ಹೋಗಲ್ಲ. ಆಮೇಲೆ ಬಂದ ತಿದ್ದುಪಡಿಯಲ್ಲಿ ವಯಸ್ಸೂ ಸೇರಿತು. 3ರಿಂದ 14 ವರ್ಷದ ಮಕ್ಕಳಿಗೆ ಒಂದು ಅಂಕ ಹೆಚ್ಚು, 45 ದಾಟಿದವರಿಗೆ ಒಂದು ಕಡಿಮೆ.

ಈಗ ನಮ್ಮ ಲೆಕ್ಕ ನೋಡಿ. ನನಗೆ ಜ್ವರ 99.4, ಅಂಕ ಇಲ್ಲ. ಕೆಮ್ಮು ಇದೆ, ಅಂಕ ಇಲ್ಲ. ಗಂಟಿಲ್ಲ. ಗಂಟಲು ಕೆಂಪಾಗಿತ್ತು, ಆದರೆ ಟಾನ್ಸಿಲ್ ಊದಿರಲಿಲ್ಲ, ಕೀವೂ ಇರಲಿಲ್ಲ. ಒಟ್ಟು ಸೊನ್ನೆ. ಮಗುವಿಗೆ ಜ್ವರ 102, ಕೆಮ್ಮಿಲ್ಲ, ದವಡೆ ಕೆಳಗೆ ಮುಟ್ಟಿದರೆ ಚೀರುವಂಥ ಗಂಟು, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ. ವಯಸ್ಸಿನದೂ ಸೇರಿ ಐದಕ್ಕೆ ಐದು. ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ಬಂದ ನೋವು, ಆದರೆ ಕಾಯಿಲೆಗಳು ಬೇರೆ ಬೇರೆ. ನನ್ನಿಂದ ಹತ್ತಿದ್ದೂ ಅಲ್ಲ.

ಸೊನ್ನೆ ಅಥವಾ ಒಂದು ಬಂದರೆ ಆಂಟಿಬಯಾಟಿಕ್ ಬೇಡ, ಪರೀಕ್ಷೆಯೂ ಬೇಡ. ಎರಡು-ಮೂರು ಬಂದರೆ ಗಂಟಲಿನ ಸ್ವಾಬ್ ಪರೀಕ್ಷೆ ಮಾಡಿ ನೋಡಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ ಸ್ಟ್ರೆಪ್ ಇರುತ್ತೆ. ಹಾಗಾಗಿ ಇದು ವೈದ್ಯರ ನಿರ್ಧಾರಕ್ಕೆ ಸಹಾಯ ಅಷ್ಟೇ, ನಾವೇ ಮಾತ್ರೆ ಕೊಳ್ಳೋಕೆ ಲೈಸೆನ್ಸ್ ಅಲ್ಲ. ದೊಡ್ಡವರ ಗಂಟಲು ನೋವಿನಲ್ಲಿ ಸ್ಟ್ರೆಪ್ ಇರೋದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಮಕ್ಕಳಲ್ಲಿ ಇದು ಸುಮಾರು ನಾಲ್ಕರಲ್ಲಿ ಒಬ್ಬರು.

ಹಾಗಾದ್ರೆ ಆಗಸ್ಟ್‌ನಲ್ಲಿ ಹುಷಾರಾಗಿದ್ದು ಹೇಗೆ?

ಇದನ್ನೇ ನಾನು ಡಾಕ್ಟರ್‌ಗೆ ಕೇಳಿದೆ. "ಎಷ್ಟನೇ ದಿನ ಮಾತ್ರೆ ಶುರು ಮಾಡಿದ್ರಿ?" ಅಂದರು. ಮೂರನೇ ದಿನ. "ಎಷ್ಟನೇ ದಿನ ಹುಷಾರಾದ್ರಿ?" ಆರನೇ ದಿನ. "ಮಾತ್ರೆ ಇಲ್ಲದಿದ್ರೂ ಆರು-ಏಳನೇ ದಿನಕ್ಕೇ ಹುಷಾರಾಗ್ತಿದ್ರಿ" ಅಂತ ನಕ್ಕರು.

ಗಂಟಲು ನೋವು ಬಂದವರಲ್ಲಿ ನೂರಕ್ಕೆ ಸುಮಾರು 80 ಜನ ಆಂಟಿಬಯಾಟಿಕ್ ಇಲ್ಲದೇ ಒಂದು ವಾರದೊಳಗೆ ಗುಣವಾಗ್ತಾರೆ. ಹಲವು ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದಾಗ, ಆಂಟಿಬಯಾಟಿಕ್ ತಗೊಂಡವರಿಗೆ ಸಿಕ್ಕ ಲಾಭ ಸರಾಸರಿ 16 ಗಂಟೆ. ಸ್ಟ್ರೆಪ್ ಇದ್ದವರನ್ನೂ ಸೇರಿಸಿಯೇ ಇಷ್ಟು. ನಾವು ಮೆಡಿಕಲ್ ಶಾಪ್‌ಗೆ ಹೋಗೋದು ನೋವು ಜೋರಾದ ಮೂರನೇ ದಿನ. ಅಲ್ಲಿಂದಾಚೆ ಅದು ತಾನಾಗೇ ಇಳಿಯುತ್ತೆ. ಕೆಲಸ ಮಾಡಿದ್ದು ದೇಹ, ಸನ್ಮಾನ ಮಾತ್ರೆಗೆ. ನಮ್ಮ ಫೀಲ್ಡ್‌ನವರಿಗೆ ಇದು ಗೊತ್ತಿರೋದೇ: ನೆಟ್‌ವರ್ಕ್ ತಾನಾಗೇ ಸರಿಹೋಗುವ ಹೊತ್ತಿಗೆ ಸರ್ವರ್ ರೀಸ್ಟಾರ್ಟ್ ಮಾಡಿದವನೇ ಹೀರೋ.

ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡದಿರೋದಕ್ಕೆ ಕಾರಣ ಸರಳ. ಅಮಾಕ್ಸಿಸಿಲಿನ್ ಒಡೆಯೋದು ಬ್ಯಾಕ್ಟೀರಿಯಾದ ಹೊರಗೋಡೆಯನ್ನ. ಅಜಿತ್ರೋಮೈಸಿನ್ ನಿಲ್ಲಿಸೋದು ಬ್ಯಾಕ್ಟೀರಿಯಾ ತನ್ನ ಪ್ರೋಟೀನ್ ತಯಾರಿಸೋ ಯಂತ್ರವನ್ನ. ವೈರಸ್‌ಗೆ ಆ ಗೋಡೆಯೂ ಇಲ್ಲ, ಆ ಯಂತ್ರವೂ ಇಲ್ಲ. ಅದು ನಮ್ಮ ಜೀವಕೋಶದೊಳಗೆ ಕೂತು ನಮ್ಮ ಯಂತ್ರವನ್ನೇ ಬಳಸಿಕೊಳ್ಳುತ್ತೆ.

'ಇರಲಿ, ತಗೊಂಡ್ರೆ ನಷ್ಟ ಏನು' ಅನ್ನಿಸಬಹುದು. ಬೇಧಿ, ಹೊಟ್ಟೆ ಕೆಡೋದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಬೆಲ್ಜಿಯಂನಲ್ಲಿ ಆರೋಗ್ಯವಂತರಿಗೆ ಮೂರು ದಿನದ ಅಜಿತ್ರೋಮೈಸಿನ್ ಕೊಟ್ಟು ಅವರ ಗಂಟಲಿನ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿದ್ದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಪಾಲು ಹೆಚ್ಚಾಗಿ, ಆರು ತಿಂಗಳಾದರೂ ಪೂರ್ತಿ ಇಳಿದಿರಲಿಲ್ಲ. ಅಂದ್ರೆ ಆಗಸ್ಟ್‌ನ ನನ್ನ ಮೂರು ಮಾತ್ರೆಯ ಪರಿಣಾಮ ದೀಪಾವಳಿಗೂ ನನ್ನ ಗಂಟಲಲ್ಲಿ ಇದ್ದಿರಬಹುದು. ಆಗ ನಿಜವಾದ ಬ್ಯಾಕ್ಟೀರಿಯಾ ಸೋಂಕು ಬಂದಿದ್ದರೆ ಅದೇ ಮಾತ್ರೆ ಕೈಕೊಡುವ ಸಾಧ್ಯತೆ ಹೆಚ್ಚಿರ್ತಿತ್ತು.

ಮಗುವಿಗೆ ಹತ್ತು ದಿನ ಯಾಕೆ?

ಡಾಕ್ಟರ್ ಬರೆದದ್ದು ಅಮಾಕ್ಸಿಸಿಲಿನ್ ಸಿರಪ್, ಮಗುವಿನ ತೂಕ ನೋಡಿ. ಸ್ಟ್ರೆಪ್‌ಗೆ ಮೊದಲ ಆಯ್ಕೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್. ಅಜಿತ್ರೋಮೈಸಿನ್ ಪೆನಿಸಿಲಿನ್ ಅಲರ್ಜಿ ಇರುವವರಿಗೆ ಬಳಸುವ ಬದಲಿ ಔಷಧಿ. ನನ್ನ ಬ್ಯಾಗಿನ ಮಾತ್ರೆ ಅರ್ಧ ಕೊಟ್ಟಿದ್ದರೆ ಔಷಧಿಯೂ ಮೊದಲ ಆಯ್ಕೆಯದಲ್ಲ, ಪ್ರಮಾಣವೂ ಅಂದಾಜು, ಜೊತೆಗೆ ಎರಡೇ ದಿನಕ್ಕೆ ಖಾಲಿ.

ಮೂರನೇ ದಿನಕ್ಕೆ ಮಗು ಜಿಗಿದಾಡ್ತಾ ಇದ್ದಳು. ಅಕ್ಕ ಫೋನ್ ಮಾಡಿ "ಇನ್ನು ಸಿರಪ್ ನಿಲ್ಲಿಸಲಾ?" ಅಂತ ಕೇಳಿದಳು. ನಿಲ್ಲಿಸಬಾರದು. ನೋವು ಹೋದರೂ ಗಂಟಲಿನಲ್ಲಿ ಸ್ಟ್ರೆಪ್ ಉಳಿದಿರಬಹುದು. ಅದರ ವಿರುದ್ಧ ದೇಹ ತಯಾರಿಸಿದ ಸೈನ್ಯ ಕೆಲವು ಮಕ್ಕಳಲ್ಲಿ ಎರಡು-ಮೂರು ವಾರದ ನಂತರ ತಪ್ಪಿ ಅವರ ಕೀಲು, ಹೃದಯದ ಮೇಲೇ ದಾಳಿ ಮಾಡುತ್ತೆ. ಇದು ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಲ್ಲಿ ಹೆಚ್ಚು. ಹೃದಯದ ಕವಾಟ ಕೆಟ್ಟರೆ ಅದು ಜೀವನಪೂರ್ತಿ ಕಾಡುತ್ತೆ, ಮತ್ತು ಇದು ಭಾರತದಲ್ಲಿ ಇನ್ನೂ ಇರುವ ಕಾಯಿಲೆ. ಇಲ್ಲಿ ಆಂಟಿಬಯಾಟಿಕ್‌ನ ಅಸಲಿ ಕೆಲಸ ನೋವು ಇಳಿಸೋದಲ್ಲ, ಹೃದಯ ಕಾಯೋದು. ನೋವು ಶುರುವಾಗಿ ಒಂಬತ್ತು ದಿನದೊಳಗೆ ಕೊಟ್ಟರೂ ಈ ರಕ್ಷಣೆ ಸಿಗುತ್ತೆ. ಹಾಗಾಗಿ ಮಧ್ಯರಾತ್ರಿ ಗಾಬರಿಯಲ್ಲಿ ಉಳಿದ ಮಾತ್ರೆ ಹುಡುಕುವ ಅಗತ್ಯ ಇರಲಿಲ್ಲ, ಬೆಳಗಿನವರೆಗೆ ಕಾದದ್ದರಿಂದ ಏನೂ ಕೆಡಲಿಲ್ಲ.

ಕೆಮ್ಮಿನ ಮೂರು ವಾರ

ನನಗೆ ಬರೆದದ್ದು ನೋವಿಗೆ ಪ್ಯಾರಾಸಿಟಮಾಲ್, ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಗಂಟಲು ಮುಕ್ಕಳಿಸೋದು, ರಾತ್ರಿ ಒಂದು ಚಮಚ ಜೇನುತುಪ್ಪ. (ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಲೇಬಾರದು.) ಗಂಟಲು ಸೋಮವಾರಕ್ಕೆ ಸರಿಯಾಯ್ತು. ಕೆಮ್ಮು ಹೋಗಲಿಲ್ಲ. ಹತ್ತನೇ ದಿನ ಕಫ ಹಳದಿ-ಹಸಿರಾಯ್ತು. ಆಫೀಸಲ್ಲಿ ಎಲ್ಲರದ್ದೂ ಒಂದೇ ಸಲಹೆ: "ಕಲರ್ ಬಂದಿದೆ ಅಂದ್ರೆ ಇನ್ಫೆಕ್ಷನ್ ಗುರು, ಆಂಟಿಬಯಾಟಿಕ್ ತಗೋ."

ಆ ಬಣ್ಣ ಬ್ಯಾಕ್ಟೀರಿಯಾದ್ದಲ್ಲ. ನಮ್ಮದೇ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇರುತ್ತೆ. ಅವು ಹೋರಾಡಿ ಸತ್ತಾಗ ಕಫಕ್ಕೆ ಬಣ್ಣ ಬರುತ್ತೆ, ಎದುರಾಳಿ ವೈರಸ್ ಆದರೂ ಅಷ್ಟೇ. ಇನ್ನು ನೆಗಡಿ ನಂತರದ ಕೆಮ್ಮು ಒಂದು ವಾರಕ್ಕೆ ನಿಲ್ಲಬೇಕು ಅಂತ ನಾವು ಅಂದುಕೊಂಡಿರ್ತೀವಿ. ನಿಜವಾದ ಸರಾಸರಿ ಸುಮಾರು 18 ದಿನ. ಸೋಂಕು ಹೋದರೂ ಉಸಿರುನಾಳದ ಒಳಪದರ ಮಾಯಲು ಅಷ್ಟು ಸಮಯ ಬೇಕು.

ಆದರೂ ಎರಡು ವಾರ ತುಂಬಿದ ದಿನ ನಾನು ಮತ್ತೆ ಡಾಕ್ಟರ್ ಹತ್ರ ಹೋದೆ. ಆಂಟಿಬಯಾಟಿಕ್ ಕೇಳೋಕಲ್ಲ. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಮಾಡಿಸಬೇಕು ಅನ್ನೋದು ನಿಯಮ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಇಲ್ಲೂ ಸ್ವಂತ ಔಷಧಿ ಅಪಾಯ. ಲೆವೊಫ್ಲಾಕ್ಸಸಿನ್‌ನಂಥ ಮಾತ್ರೆಗಳು ಟಿಬಿಯನ್ನು ಸ್ವಲ್ಪ ದಿನ ಅಡಗಿಸಿಬಿಡ್ತವೆ, ಪತ್ತೆಯಾಗೋದು ತಡವಾಗುತ್ತೆ. ನನ್ನ ಕಫದ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಇಪ್ಪತ್ತನೇ ದಿನದ ಹೊತ್ತಿಗೆ ಕೆಮ್ಮು ತಾನಾಗೇ ಬಿಟ್ಟುಹೋಯ್ತು.

ಕಾಯಬಾರದ ಸಂದರ್ಭಗಳು

ಬಾಯಿ ಪೂರ್ತಿ ತೆಗೆಯೋಕೆ ಆಗದಿರೋದು, ಒಂದೇ ಬದಿ ಜೋರು ನೋವು, ಜೊಲ್ಲು ಸುರಿಯೋದು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂಥ ಮಾತು ಕಂಡರೆ ಟಾನ್ಸಿಲ್ ಪಕ್ಕ ಕೀವು ತುಂಬಿರಬಹುದು. ಉಸಿರಾಟ ಕಷ್ಟವಾದರೆ, ಎದೆ ನೋವಿದ್ದರೆ, ಕಫದಲ್ಲಿ ರಕ್ತ ಕಂಡರೆ, ಜೋರು ಜ್ವರ ಮೂರು ದಿನ ದಾಟಿದರೆ, ಹುಷಾರಾಗುತ್ತಿದ್ದವರಿಗೆ ಮತ್ತೆ ಜ್ವರ ಏರಿದರೆ ಅವತ್ತೇ ವೈದ್ಯರನ್ನು ನೋಡಿ. ನ್ಯುಮೋನಿಯಾದಂಥ ಬ್ಯಾಕ್ಟೀರಿಯಾ ಕಾಯಿಲೆ ಇದ್ದರೆ ಆಂಟಿಬಯಾಟಿಕ್ ಜೀವ ಉಳಿಸುತ್ತೆ.

ಮೆಡಿಕಲ್ ಶಾಪ್‌ನಲ್ಲಿ ಸ್ಟ್ರಿಪ್ ಕೈಗೆ ಬಂದಾಗ ಹಿಂಬದಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ ಅದು. ನನ್ನ ಬ್ಯಾಗಿನ ಎರಡು ಮಾತ್ರೆಯ ಬೆನ್ನಲ್ಲೂ ಆ ಗೆರೆ ಇತ್ತು. ಮೂರು ತಿಂಗಳಿಂದ ಜೊತೆಯಲ್ಲೇ ಇಟ್ಟುಕೊಂಡಿದ್ದರೂ ನಾನು ಅದನ್ನು ತಿರುಗಿಸಿ ನೋಡಿದ್ದು ಆ ಶನಿವಾರವೇ.