ಹಳೆಯ ಕಟ್ಟಡದ ವಿಮೆಯಲ್ಲಿ ಸವಕಳಿಯ ಲೆಕ್ಕ

2019ನೆಯ ಆಗಸ್ಟ ತಿಂಗಳ ಅತಿವೃಷ್ಟಿಯಲ್ಲಿ ಬೆಣ್ಣಿಹಳ್ಳವು ಉಕ್ಕಿ, ನವಲಗುಂದ ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಬಿದ್ದುದನ್ನು ವಾಚಕರು ಮರೆತಿರಲಾರರು. ಪೂರ್ತಿ ಬಿದ್ದ ಮನೆಗೆ ಸರಕಾರವು ಆಗ ಸಾರಿದ 5 ಲಕ್ಷ ರೂಪಾಯಿಯ ಪರಿಹಾರವು ಮನೆಯ ವಯಸ್ಸನ್ನು ಕೇಳಲಿಲ್ಲ. ವಿಮೆಯ ಹಣದ ಮಾತು ಹಾಗಲ್ಲ. ಅದು ಪಾಲಿಸಿಯಲ್ಲಿ ಬರೆದ ಪದ್ಧತಿಗೆ ಅನುಸಾರವಾಗಿ ಬರುವದು.

ಈ ಪದ್ಧತಿಗಳು ಎರಡು. ನಷ್ಟಭರ್ತಿಯ ಪದ್ಧತಿಯಲ್ಲಿ, ಕಟ್ಟಡವು ಬೀಳುವ ಮುನ್ನಾ ದಿನ ಅದಕ್ಕಿದ್ದ ಬೆಲೆಯನ್ನಷ್ಟೇ ಕೊಡುವರು. ಹಳೆಯದನ್ನು ಕಳೆದುಕೊಂಡವನಿಗೆ ಹೊಸದನ್ನು ಕೊಟ್ಟರೆ ಅದು ನಷ್ಟಭರ್ತಿಯಾಗದೆ ಲಾಭವಾಗುವದೆಂಬುದು ಇದರ ತರ್ಕ. ಪುನರ್ನಿರ್ಮಾಣದ ಪದ್ಧತಿಯಲ್ಲಾದರೋ ಅದೇ ತರದ ಕಟ್ಟಡವನ್ನು ಹೊಸದಾಗಿ ಕಟ್ಟಲು ತಗಲುವ ವೆಚ್ಚವನ್ನು, ವಿಮೆಯ ಮೊತ್ತವನ್ನು ಮೀರದಂತೆ, ಕೊಡುವರು.

ಅಣ್ಣಿಗೇರಿಯ ಪೇಟೆಯಲ್ಲಿ 40 ವರ್ಷ ಹಳೆಯದಾದ, 800 ಚದರಡಿಯ ಒಂದು ಉಗ್ರಾಣವಿದೆಯೆಂದು ಇಟ್ಟುಕೊಳ್ಳೋಣ. ಇಂದು ಚದರಡಿಗೆ 1,500 ರೂಪಾಯಿಯಂತೆ ಅದನ್ನು ಕಟ್ಟಲು 12 ಲಕ್ಷ ಬೇಕು. ಕಂಪನಿಯ ಸರ್ವೇಯರರು ಬಂದು ವಯಸ್ಸನ್ನೂ ಸ್ಥಿತಿಯನ್ನೂ ನೋಡಿ ಅರ್ಧದಷ್ಟು ಸವಕಳಿಯನ್ನು ತೆಗೆದರೆ ಬೆಲೆಯು 6 ಲಕ್ಷಕ್ಕೆ ಇಳಿಯುವದು. ಮಾಲಕನು 9 ಲಕ್ಷಕ್ಕೆ ವಿಮೆ ಇಳಿಸಿ ಕಂತು ಕಟ್ಟುತ್ತ ಬಂದಿದ್ದರೂ ನಷ್ಟಭರ್ತಿಯಲ್ಲಿ ಬರುವದು 6 ಲಕ್ಷವೇ. ಅದರಲ್ಲಿಯೂ ಉಳಿದ ಸಾಗವಾನಿ ತೊಲೆಗಳ ಬೆಲೆಯನ್ನು ಮುರಿದುಕೊಳ್ಳುವರು. ಆತನು ಕೇವಲ 3 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ ಇನ್ನೂ ಕಷ್ಟ. ಒಂದು ಮೂಲೆ ಸುಟ್ಟು ಸವಕಳಿ ಕಳೆದು 1 ಲಕ್ಷದ ಹಾನಿಯಾದಾಗ, ಬೆಲೆಯ ಅರ್ಧಕ್ಕಷ್ಟೇ ವಿಮೆಯಿದ್ದುದರಿಂದ, ಆತನ ಕೈಗೆ ಬರುವದು 50 ಸಾವಿರ. ನಿವೇಶನದ ಬೆಲೆಯನ್ನು ಸೇರಿಸಿ ವಿಮೆ ಇಳಿಸುವದೂ ವ್ಯರ್ಥವೇ, ನೆಲವು ಸುಡುವದಿಲ್ಲವಷ್ಟೆ!

ಬರಿಯ ವಾಸದ ಮನೆಗೆ ಈ ತೊಡಕು ಈಗ ಕಡಿಮೆ. 2021ನೆಯ ಏಪ್ರಿಲ 1ರಿಂದ ಜಾರಿಗೆ ಬಂದ ‘ಭಾರತ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯಲ್ಲಿ ಮೊತ್ತವನ್ನು ಕಾರ್ಪೆಟ್ ಏರಿಯಾ ಹಾಗೂ ಕಟ್ಟುವ ದರದ ಮೇಲೆಯೇ ಎಣಿಸುವರು. ವಿಮೆ ಕಡಿಮೆಯಾಯಿತೆಂಬ ಕಡಿತವೂ ಅದರಲ್ಲಿಲ್ಲ. ಆದರೆ ಅಳತೆಯನ್ನು ಸರಿಯಾಗಿ ಬರೆಯಿಸಬೇಕು. ಅಂಗಡಿ, ಉಗ್ರಾಣಗಳಿಗೆ ಇದು ಅನ್ವಯಿಸದು.

ಇನ್ನು ಪುನರ್ನಿರ್ಮಾಣದ ಕರಾರಿದ್ದವರೂ ಗಮನಿಸತಕ್ಕ ಒಂದು ಮಾತುಂಟು. ಕಟ್ಟಡವನ್ನು ನಿಜವಾಗಿ ಕಟ್ಟಿದರೆ ಮಾತ್ರ ಪೂರ್ಣ ವೆಚ್ಚ ಸಲ್ಲುವದು. ಸಾಮಾನ್ಯವಾಗಿ 12 ತಿಂಗಳ ಅವಧಿಯಿರುತ್ತದೆ. ಅದನ್ನು ಹೆಚ್ಚಿಸಿಕೊಳ್ಳಬೇಕಾದರೆ ಕಂಪನಿಯ ಒಪ್ಪಿಗೆಯನ್ನು ಅವಧಿಯೊಳಗೇ ಬರಹದಲ್ಲಿ ಪಡೆಯಬೇಕು. ಮಣ್ಣಿನ ಮೇಲ್ಮುದ್ದೆಯಿದ್ದಲ್ಲಿ ಸಿಮೆಂಟಿನ ಸ್ಲ್ಯಾಬು ಹಾಕಿದರೆ ಹೆಚ್ಚಿನ ವೆಚ್ಚವು ಮಾಲಕನದೇ. ನಮ್ಮ ಕಡೆಗೆ ವಿಳಂಬಕ್ಕೆ ಕಾರಣವು ಬಹುಶಃ ಪಾಲಿನ ತಂಟೆ: ಉತಾರೆಯಲ್ಲಿ ತೀರಿಹೋದ ಅಜ್ಜನ ಹೆಸರೇ ಇರುವದು, ಅಣ್ಣತಮ್ಮಂದಿರು ಒಪ್ಪುವದರೊಳಗೆ ವರ್ಷ ಕಳೆಯುವದು. ಆಗ ಪುನರ್ನಿರ್ಮಾಣದ ಕಂತು ಕಟ್ಟಿದವನಿಗೂ ದೊರೆಯುವದು ಸವಕಳಿ ಕಳೆದ ಆ 6 ಲಕ್ಷವೇ.