ಗಿಟಾರಿನ ಹೊಳಪನ್ನು ತಿನ್ನುವ ಕೇಬಲ್ಲು

ಜಿಮಿ ಹೆಂಡ್ರಿಕ್ಸ್ ವೇದಿಕೆಯ ಮೇಲಿರುವ ಹಳೆಯ ಚಿತ್ರಗಳನ್ನು ಗಮನಿಸಿದರೆ, ಹಲವು ಚಿತ್ರಗಳಲ್ಲಿ ಆತನ ಗಿಟಾರಿನಿಂದ ಹೊರಟ ಕೇಬಲ್ಲು ಹಳೆಯ ಟೆಲಿಫೋನ್ ರಿಸೀವರಿನ ತಂತಿಯಂತೆ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಎಳೆದರೆ ಉದ್ದವಾಗುವ, ಬಿಟ್ಟರೆ ಮುದುಡುವ ಅಂಥ ಕೇಬಲ್ಲಿನಲ್ಲಿ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ಹೆಚ್ಚು ತಂತಿ ಅಡಗಿರುತ್ತದೆ. ಆತ ನುಡಿಸುತ್ತಿದ್ದ ಫೆಂಡರ್ ಸ್ಟ್ರಾಟೋಕಾಸ್ಟರ್ ಸ್ವಭಾವತಃ ಚೂಪು ದನಿಯ ವಾದ್ಯ. ಆ ಚೂಪು ಒಂದಿಷ್ಟು ದುಂಡಗಾಗಿ ಕೇಳಿಸಲು ಕೇಬಲ್ಲಿನ ಪಾಲೂ ಇತ್ತು ಎಂಬ ಮಾತು ಗಿಟಾರ್ ವಲಯದಲ್ಲಿ ಹಳೆಯದು. ಬರೀ ತಂತಿ ದನಿಯನ್ನು ಬದಲಿಸುವುದು ಹೇಗೆ ಎಂದು ಅನುಮಾನಪಡುವವರು ಮೊದಲು ಪಿಕಪ್ಪಿನ ಒಳಗೆ ಇಣುಕಬೇಕು.

ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1954ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟೋಕಾಸ್ಟರಿನ ಪಿಕಪ್ಪಿನಲ್ಲಿ ಆರು ಪುಟ್ಟ ಅಯಸ್ಕಾಂತಗಳಿವೆ. ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಲಾಗಿದೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಬ್ಯಾಟರಿಯಿಲ್ಲ, ಟ್ರಾನ್ಸಿಸ್ಟರಿಲ್ಲ. ಪ್ಯಾಸಿವ್ ಎಂದರೆ ಇಷ್ಟೇ: ಬೆರಳು ಮೀಟಿದ ಶಕ್ತಿಯಲ್ಲಿ ಸುರುಳಿಗೆ ಸಿಕ್ಕ ಚೂರುಪಾರೇ ಅದರ ಬಂಡವಾಳ.

ಮಲ್ಟಿಮೀಟರಿನಲ್ಲಿ ಇಂಥ ಪಿಕಪ್ಪನ್ನು ಅಳೆದರೆ ಸುಮಾರು 6 ಕಿಲೋ ಓಮ್ ರೋಧ ತೋರಿಸುತ್ತದೆ. ಅಂಗಡಿಯವರು ಹೇಳುವುದೂ, ಕೊಳ್ಳುವವರು ಹೋಲಿಸುವುದೂ ಇದೇ ಅಂಕಿಯನ್ನು. ಆದರೆ ಮೀಟರು ಅಳೆಯುವುದು ನೇರ ವಿದ್ಯುತ್ತಿಗೆ ಇರುವ ರೋಧವನ್ನು ಮಾತ್ರ. ಗಿಟಾರಿನಿಂದ ಹೊರಡುವುದೋ ಸೆಕೆಂಡಿಗೆ ನೂರಾರು, ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು. ಅದಕ್ಕೆ ಸುರುಳಿ ತನ್ನ ಇಂಡಕ್ಟನ್ಸಿನಿಂದಲೂ ಅಡ್ಡಿ ಮಾಡುತ್ತದೆ, ಮತ್ತು ಆವರ್ತನ ಏರಿದಷ್ಟೂ ಆ ಅಡ್ಡಿ ಏರುತ್ತದೆ. ಈ ಎಲ್ಲ ಅಡ್ಡಿಯನ್ನೂ ಸೇರಿಸಿ ಇಂಪೀಡೆನ್ಸ್ ಎನ್ನುತ್ತಾರೆ. ಲೆಕ್ಕಕ್ಕೆ 2.5 ಹೆನ್ರಿ ಇಂಡಕ್ಟನ್ಸಿನ ಪಿಕಪ್ಪನ್ನು ತೆಗೆದುಕೊಳ್ಳೋಣ. 100 ಹರ್ಟ್ಸಿನ ಮಂದ್ರ ಸ್ವರಕ್ಕೆ ಇಂಡಕ್ಟನ್ಸಿನ ಅಡ್ಡಿ ಒಂದೂವರೆ ಕಿಲೋ ಓಮ್ ಅಷ್ಟೆ. ಮೀಟಿದ ಕ್ಷಣದ ಟಣಟಣ ಇರುವ 5,000 ಹರ್ಟ್ಸಿನಲ್ಲಿ ಅದು ಸುಮಾರು 78 ಕಿಲೋ ಓಮ್!

ಈಗ ಈ ಗಿಟಾರನ್ನು 10 ಕಿಲೋ ಓಮ್ ಇನ್‌ಪುಟ್ಟಿನ ಮಿಕ್ಸರಿನ ಲೈನ್ ಇನ್‌ಗೆ ನೇರವಾಗಿ ಸಿಕ್ಕಿಸಿದರೆ ಏನಾಗುತ್ತದೆ? ಪಿಕಪ್ಪಿನಲ್ಲಿ ಹುಟ್ಟಿದ ವೋಲ್ಟೇಜನ್ನು ಪಿಕಪ್ಪಿನ ಇಂಪೀಡೆನ್ಸೂ ಮಿಕ್ಸರಿನ ಇನ್‌ಪುಟ್ಟೂ ಹಂಚಿಕೊಳ್ಳುತ್ತವೆ. ದೊಡ್ಡ ಇಂಪೀಡೆನ್ಸಿನ ಕಡೆಗೆ ದೊಡ್ಡ ಪಾಲು. ಗಿಟಾರಿನ ನಾಬುಗಳನ್ನೂ ಕೇಬಲ್ಲನ್ನೂ ಸದ್ಯಕ್ಕೆ ಬದಿಗಿಟ್ಟು ಲೆಕ್ಕ ಹಾಕಿದರೆ, ಮಂದ್ರದಲ್ಲಿ ಶೇ. 62ರಷ್ಟು ವೋಲ್ಟೇಜು ಮಿಕ್ಸರನ್ನು ಮುಟ್ಟುತ್ತದೆ, 5,000 ಹರ್ಟ್ಸಿನಲ್ಲಿ ಬರೀ ಶೇ. 12. ಸದ್ದು ಕಡಿಮೆಯಾದದ್ದು ತೊಂದರೆಯಲ್ಲ, ಗೇನ್ ತಿರುಗಿಸಿದರೆ ಆಯಿತು. ತೊಂದರೆ ಇರುವುದು ಮಂದ್ರಕ್ಕೂ ತಾರಕ್ಕೂ ನಡುವೆ ಬಿದ್ದ ಐದು ಪಟ್ಟಿನ ಅಂತರದಲ್ಲಿ. ಗಿಟಾರಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳುವುದು ಇದರಿಂದಲೇ. ಅದೇ ಗಿಟಾರನ್ನು 10 ಲಕ್ಷ ಓಮಿನ, ಅಂದರೆ 1 ಮೆಗಾ ಓಮಿನ ಇನ್‌ಪುಟ್ಟಿಗೆ ಹಾಕಿದರೆ ಎರಡೂ ಆವರ್ತನಗಳಲ್ಲಿ ಶೇ. 99ರಷ್ಟು ವೋಲ್ಟೇಜು ತಲುಪುತ್ತದೆ. ಫೆಂಡರ್‌ನಂಥ ಗಿಟಾರ್ ಆಂಪ್ಲಿಫೈಯರುಗಳ ಇನ್‌ಪುಟ್ಟಿನಲ್ಲಿ 1 ಮೆಗಾ ಓಮ್ ರೂಢಿಯಾಗಿರುವುದು ಇದಕ್ಕೇ. ರೆಕಾರ್ಡಿಂಗ್ ಇಂಟರ್‌ಫೇಸುಗಳ ಮೇಲಿರುವ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಗುಂಡಿ ಮಾಡುವ ಮುಖ್ಯ ಕೆಲಸವೂ ಇದೇ: ಇನ್‌ಪುಟ್ಟನ್ನು ಮೆಗಾ ಓಮಿನ ಆಸುಪಾಸಿಗೆ ಏರಿಸುವುದು. ಅದನ್ನು ಒತ್ತಲು ಮರೆತು ಪಿಕಪ್ಪನ್ನು ಬೈಯುವವರು ಕಡಿಮೆಯೇನಿಲ್ಲ.

ಇನ್‌ಪುಟ್ ಸರಿಯಾಯಿತು ಅಂದುಕೊಂಡರೂ ಕೇಬಲ್ಲು ಬಾಕಿ ಇದೆ. ಗಿಟಾರ್ ಕೇಬಲ್ಲಿನ ನಡುವೆ ಒಂದು ತಂತಿ, ಅದರ ಸುತ್ತ ನಿರೋಧಕ ಪದರ, ಅದರ ಮೇಲೆ ಗದ್ದಲ ತಡೆಯುವ ಲೋಹದ ಜಾಲರಿ. ಎರಡು ಲೋಹಗಳ ನಡುವೆ ನಿರೋಧಕವಿದ್ದರೆ ಅದು ಕೆಪಾಸಿಟರ್. ಸಾಮಾನ್ಯ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. ಇದನ್ನು ಪಿಕಪ್ಪಿನ ಇಂಡಕ್ಟನ್ಸಿನ ಜೊತೆ ಸೇರಿಸಿದರೆ ಹಳೆಯ ರೇಡಿಯೋದ ಟ್ಯೂನಿಂಗ್ ಸರ್ಕಿಟ್ಟಿನ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ: ಒಂದು ಆವರ್ತನದಲ್ಲಿ ಅನುರಣನೆ, ಅಲ್ಲಿ ದನಿಗೆ ಒಂದು ದಿಣ್ಣೆ, ದಿಣ್ಣೆ ದಾಟಿದ ಮೇಲೆ ಕಡಿದಾದ ಇಳಿಜಾರು. ಸ್ಟ್ರಾಟೋಕಾಸ್ಟರಿನ ಹೊಳಪು ಎಂದು ಕಿವಿ ಗುರುತಿಸುವುದು ಬಹುಪಾಲು ಈ ದಿಣ್ಣೆಯನ್ನೇ.

ದಿಣ್ಣೆ ಎಲ್ಲಿದೆ ಎಂದು ಹೇಳುವ ಸೂತ್ರ ಚಿಕ್ಕದು:

f = 1 / (2π√(LC))

ಅದೇ 2.5 ಹೆನ್ರಿಯ ಪಿಕಪ್ಪಿಗೆ ತನ್ನದೇ ಆದ 100 ಪಿಕೋಫ್ಯಾರಡ್ ಇದೆ ಎನ್ನೋಣ. 3 ಮೀಟರ್ ಕೇಬಲ್ಲು ಸೇರಿಸಿದರೆ ಒಟ್ಟು 400. ದಿಣ್ಣೆ 5,000 ಹರ್ಟ್ಸಿನಲ್ಲಿ ಕೂರುತ್ತದೆ. 6 ಮೀಟರಾದರೆ 3,800ಕ್ಕೆ ಜಾರುತ್ತದೆ. 15 ಮೀಟರಿಗೆ 2,500 ಹರ್ಟ್ಸ್. ಅಂದರೆ ನುಡಿಸುವವರು ಆಂಪ್ಲಿಫೈಯರಿನಿಂದ ದೂರ ನಿಂತು ಉದ್ದನೆಯ ಕೇಬಲ್ಲು ಹಾಕಿದ್ದಕ್ಕೇ ಹೊಳಪು ಒಂದು ಸಪ್ತಕ ಕೆಳಗಿಳಿದುಹೋಯಿತು. ಗಿಟಾರ್ ಸ್ಪೀಕರುಗಳು ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ತಾವೇ ಕುಸಿಯುವುದರಿಂದ, 2,500ರಿಂದ 5,000ರ ನಡುವೆ ಕಳೆದುಹೋದದ್ದು ಕಿವಿಗೆ ದೊಡ್ಡ ನಷ್ಟ. ಗಿಟಾರಿನ ಟೋನ್ ನಾಬ್ ತಗ್ಗಿಸಿದಾಗ ಆಗುವುದೂ ಇದೇ ಜಾತಿಯ ಕೆಲಸ, ಅಲ್ಲಿ ಕೆಪಾಸಿಟರ್ ಹತ್ತಾರು ಪಟ್ಟು ದೊಡ್ಡದು. ಚಿನ್ನದ ಲೇಪ, ಅತಿಶುದ್ಧ ತಾಮ್ರ ಎಂದೆಲ್ಲ ಹೊಗಳಿಸಿಕೊಳ್ಳುವ ಕೇಬಲ್ಲುಗಳ ಪೆಟ್ಟಿಗೆಯ ಮೇಲೆ ಹುಡುಕಬೇಕಾದದ್ದು ಮೀಟರಿಗೆ ಎಷ್ಟು ಪಿಕೋಫ್ಯಾರಡ್ ಎಂಬ ಅಂಕಿಯನ್ನು. ದನಿಯ ಮಟ್ಟಿಗೆ ಉಳಿದದ್ದು ಹೆಚ್ಚುಕಡಿಮೆ ಅಲಂಕಾರ.

ವಾಲ್ಯೂಮ್ ನಾಬ್ ಇಳಿಸಿದಾಗ ಇದು ಇನ್ನೂ ಬಿಗಡಾಯಿಸುತ್ತದೆ. ಸ್ಟ್ರಾಟೋಕಾಸ್ಟರಿನ 250 ಕಿಲೋ ಓಮಿನ ವಾಲ್ಯೂಮನ್ನು ವೋಲ್ಟೇಜು ಅರ್ಧವಾಗುವಷ್ಟು ಇಳಿಸಿದರೆ ಕೇಬಲ್ಲಿನ ಹಿಂದೆ ಸುಮಾರು 60 ಕಿಲೋ ಓಮ್ ರೋಧ ಬಂದು ನಿಲ್ಲುತ್ತದೆ. ಆಗ 15 ಮೀಟರ್ ಕೇಬಲ್ಲು 1,700 ಹರ್ಟ್ಸಿನಿಂದಲೇ ದನಿಯನ್ನು ಕೆಳಗೆಳೆಯಲು ತೊಡಗುತ್ತದೆ. ಪರೀಕ್ಷೆಯೂ ಇಲ್ಲೇ ಇದೆ: ವಾಲ್ಯೂಮ್ ಇಳಿಸಿದಾಗ ಸದ್ದಿನ ಜೊತೆ ಹೊಳಪೂ ಹೋದರೆ ಕೇಬಲ್ಲಿನ ಕೆಪಾಸಿಟನ್ಸಿನ ಮೇಲೆ ಅನುಮಾನಪಡಬಹುದು. ನಾಬಿಗೆ ಅಡ್ಡಲಾಗಿ ಒಂದು ಸಣ್ಣ ಕೆಪಾಸಿಟರ್ ಬೆಸುಗೆ ಹಾಕಿ ಇದನ್ನು ಒಂದು ಮಟ್ಟಿಗೆ ಸರಿದೂಗಿಸುವವರಿದ್ದಾರೆ.

ಪೂರ್ತಿ ಪರಿಹಾರ ಬಫರ್. ತನ್ನ ಇನ್‌ಪುಟ್ಟಿನಲ್ಲಿ ಮೆಗಾ ಓಮ್ ತೋರಿಸಿ, ಔಟ್‌ಪುಟ್ಟಿನಲ್ಲಿ 1 ಕಿಲೋ ಓಮಿನಷ್ಟೇ ಇರುವ ಪುಟ್ಟ ಸರ್ಕಿಟ್ಟು ಅದು. ಬಾಸ್ ಕಂಪನಿಯ ಬಹುತೇಕ ಪೆಡಲುಗಳು ಆಫ್ ಆಗಿದ್ದಾಗಲೂ ಈ ಕೆಲಸ ಮಾಡುತ್ತಿರುತ್ತವೆ. 1 ಕಿಲೋ ಓಮಿನ ಮುಂದೆ ಅದೇ 15 ಮೀಟರ್ ಕೇಬಲ್ಲು ಕತ್ತರಿ ಹಾಕುವುದು ಒಂದು ಲಕ್ಷ ಹರ್ಟ್ಸಿನ ಆಚೆ, ಅಲ್ಲಿ ಕೇಳುವ ಕಿವಿಯೇ ಇಲ್ಲ. ಇಎಂಜಿಯಂಥ ಆಕ್ಟಿವ್ ಪಿಕಪ್ಪುಗಳು 9 ವೋಲ್ಟ್ ಬ್ಯಾಟರಿ ಬೇಡುವುದು ಒಳಗಿನ ಇಂಥದೇ ಸರ್ಕಿಟ್ಟಿಗಾಗಿ. ಟ್ರೂ ಬೈಪಾಸ್ ಪೆಡಲುಗಳು ಮಾತ್ರ ಆಫ್ ಆದಾಗ ಬರೀ ತಂತಿಯಂತಿರುತ್ತವೆ. ಹಾಗಾಗಿ ಪೆಡಲಿಗೆ ಬರುವ 6 ಮೀಟರೂ ಅಲ್ಲಿಂದ ಹೊರಡುವ 6 ಮೀಟರೂ ಕೂಡಿ 12 ಮೀಟರಿನ ಹೊರೆ ಪಿಕಪ್ಪಿನ ಮೇಲೆಯೇ ಬೀಳುತ್ತದೆ.

ಬಫರ್ ಇಡುವ ಜಾಗ ಮುಖ್ಯ. ಅದು ಉದ್ದ ಕೇಬಲ್ಲಿನ ಮೊದಲು, ಗಿಟಾರಿಗೆ ಹತ್ತಿರ ಇರಬೇಕು. ಆಂಪ್ಲಿಫೈಯರಿನ ಬಾಯಲ್ಲಿಟ್ಟರೆ ಹೋದ ಹೊಳಪು ಹಿಂದಕ್ಕೆ ಬರುವುದಿಲ್ಲ. ಹೆಂಡ್ರಿಕ್ಸ್ ಬಳಸಿದ ಫಜ್ ಫೇಸ್ ಇದಕ್ಕೆ ಅಪವಾದ. ಅದರ ಇನ್‌ಪುಟ್ ಇಂಪೀಡೆನ್ಸ್ ತೀರಾ ಕಡಿಮೆ, ಮತ್ತು ಅದರ ದನಿ ಪಿಕಪ್ಪಿನ ಸುರುಳಿ ನೇರವಾಗಿ ಅದಕ್ಕೆ ಸೇರುವುದನ್ನೇ ಅವಲಂಬಿಸಿದೆ. ಆದ್ದರಿಂದ ಅಂಥ ಪೆಡಲಿರುವವರು ಬಫರನ್ನು ಅದರ ನಂತರ ಇಡಬೇಕು.