ಕಣ್ಣಿಗೆ ಕಾಣದ ಅಕ್ಷರ, ಲೆಕ್ಕಕ್ಕೆ ಸಿಗದ ರೂಪಾಯಿ

ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವ ಜೋಗುಪಾಳ್ಯದಲ್ಲಿ ಒಂದು ಚಿಕ್ಕ ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ತರಿಸಿದ ನೀರಿನ ಟ್ಯಾಂಕರುಗಳಿಗೆ ಆರು ಮನೆಯವರು ತಾವು ಕಟ್ಟಿದ ಪಾಲನ್ನು ಬರೆದು ಕಳಿಸಿದ್ದಾರೆ. ಸಂಘದ ಖಜಾಂಚಿ ಅದನ್ನೆಲ್ಲ ನಕಲು ಮಾಡಿ, ಭಾರತದ ಸೆಟ್ಟಿಂಗ್ ಇರುವ ಎಕ್ಸೆಲ್ ಹಾಳೆಯ ಒಂದೇ ಕಾಲಂನಲ್ಲಿ A1ರಿಂದ A6ರವರೆಗೆ ಅಂಟಿಸಿದ್ದಾರೆ.

```
1,250
1,250 
ರೂ.900
2 400
1.500
850.50
```

ಎರಡನೆಯ ಸಾಲು ಯಾವುದೋ ವೆಬ್ ಪುಟದಿಂದ ಬಂದದ್ದು. ಅದರ ಬಾಲದಲ್ಲಿ ಕಾಣದ ಒಂದು ಖಾಲಿ ಅಕ್ಷರವಿದೆ. ನಾಲ್ಕನೆಯದು ಫ್ರೆಂಚ್ ಸೆಟ್ಟಿಂಗ್ ಇದ್ದ ಕಂಪ್ಯೂಟರಿನಿಂದ ಬಂದಿದೆ. ಐದನೆಯದನ್ನು ಜರ್ಮನಿಯಲ್ಲಿ ನೆಲೆಸಿರುವ ಮನೆಯ ಮಾಲೀಕರು ಅಲ್ಲಿನ ರೂಢಿಯಂತೆ ಬರೆದಿದ್ದಾರೆ. ಅವರ ಪಾಲಿಗೆ ಅದು ಒಂದೂವರೆ ಸಾವಿರ. ಮನಸ್ಸಿನಲ್ಲೇ ಕೂಡಿದರೆ ಮೊತ್ತ 8,150.50. ಎಕ್ಸೆಲ್‌ಗೆ SUM ಎಂದು ಹೇಳಿದರೆ ಬರುವುದು 2,102. ತಪ್ಪಾಗಿದೆ ಎನ್ನುವ ಒಂದು ಗುರುತೂ ಪರದೆಯ ಮೇಲೆ ಮೂಡುವುದಿಲ್ಲ. ಉತ್ತರ ಪೂರ್ಣಾಂಕವಾಗಿ, ಅಚ್ಚುಕಟ್ಟಾಗಿ ಬಂದು ಕೂರುತ್ತದೆ.

ಹೀಗಾಗಲು ಕಾರಣ ಎಕ್ಸೆಲ್ ಕೋಶವನ್ನು ಓದುವ ರೀತಿ. ಕೋಶಕ್ಕೆ ಏನಾದರೂ ಬಂದು ಬಿದ್ದ ಕ್ಷಣದಲ್ಲೇ ಅದು ಸಂಖ್ಯೆಯೋ ಪಠ್ಯವೋ ಎಂದು ಯಂತ್ರ ತೀರ್ಮಾನಿಸುತ್ತದೆ. ಗುರುತಿಸಲಾಗದ ಒಂದೇ ಒಂದು ಅಕ್ಷರ ಸೇರಿದ್ದರೂ ಇಡೀ ಕೋಶ ಪಠ್ಯವಾಗುತ್ತದೆ, ಮತ್ತು SUM ತನಗೆ ಕೊಟ್ಟ ಸಾಲುಗಳಲ್ಲಿ ಪಠ್ಯ ಸಿಕ್ಕರೆ ಅದನ್ನು ಸುಮ್ಮನೆ ದಾಟಿಹೋಗುತ್ತದೆ. ಶೀರ್ಷಿಕೆ, ಟಿಪ್ಪಣಿಗಳಿರುವ ಕಾಲಂ ಕೂಡಲು ಅದು ಅನುಕೂಲವೇ. ನಮ್ಮ ಪಟ್ಟಿಯಲ್ಲಿ ಮಾತ್ರ ಎರಡು, ಮೂರು, ನಾಲ್ಕನೆಯ ಸಾಲುಗಳು ಹಾಗೆ ಬಿಟ್ಟುಹೋದವು. ಐದನೆಯ ಸಾಲಿನ ಗತಿ ಇನ್ನೂ ಕೆಟ್ಟದ್ದು: ಯಂತ್ರ ಅದನ್ನು ಸಂಖ್ಯೆಯೆಂದೇ ಒಪ್ಪಿಕೊಂಡಿತು, ಆದರೆ ಒಂದೂವರೆ ರೂಪಾಯಿ ಎಂದು ಓದಿಕೊಂಡಿತು. =A1+A2 ಎಂದು ನೇರವಾಗಿ ಕೂಡಿದ್ದರೆ #VALUE! ಎಂಬ ದೋಷವಾದರೂ ಕಾಣುತ್ತಿತ್ತು. ಕೂಗುವ ತಪ್ಪಿಗಿಂತ ಮೌನವಾಗಿರುವ ತಪ್ಪಿಗೆ ಹೆಚ್ಚು ಹೆದರಬೇಕು. ಶುಚಿ ಮಾಡುವ ಕ್ರಮವೆಲ್ಲ ಮೌನವಾಗಿರುವುದನ್ನು ಕೂಗಿಸುವಂತಿರಬೇಕು ಎಂಬುದು ನನ್ನ ವಾದ.

ಆ ಕಾಣದ ಅಕ್ಷರ ಎಲ್ಲಿಂದ ಬಂತು? ಸ್ಪೇಸ್ ಬಾರ್ ಒತ್ತಿದಾಗ ಬರುವ ಸಾಮಾನ್ಯ ಖಾಲಿ ಜಾಗದ ಸಂಕೇತ ಸಂಖ್ಯೆ 32. ಸಾಲು ತುಂಡಾಗದಂತೆ ಎರಡು ಪದಗಳನ್ನು ಜೋಡಿಸಿಡಲು ವೆಬ್ ಪುಟಗಳು ಇನ್ನೊಂದು ಬಗೆಯ ಖಾಲಿ ಜಾಗವನ್ನು ಬಳಸುತ್ತವೆ, ಅದರ ಸಂಖ್ಯೆ 160. ಫ್ರೆಂಚ್ ರೂಢಿಯಲ್ಲಿ ಸಾವಿರದ ನಂತರ ಬರುವ ಕಿರಿದಾದ ಖಾಲಿ ಜಾಗ 8239. ಮೂರೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಎಕ್ಸೆಲ್‌ನ TRIM ಅಳಿಸುವುದು 32ನ್ನು ಮಾತ್ರ, CLEAN ತೆಗೆಯುವುದು 0ರಿಂದ 31ರವರೆಗಿನ ಸಂಕೇತಗಳನ್ನು. ಹಾಗಾಗಿ 160 ಎರಡರಿಂದಲೂ ತಪ್ಪಿಸಿಕೊಳ್ಳುತ್ತದೆ. ಇದನ್ನು ಹಿಡಿಯುವುದು ಸುಲಭ. =LEN(A2) ಎಂದು ಕೇಳಿದರೆ ಐದು ಅಕ್ಷರಗಳಿರಬೇಕಾದ ಕಡೆ 6 ಬರುತ್ತದೆ; =UNICODE(RIGHT(A2,1)) ಎಂದರೆ 160 ಎಂದು ಹೆಸರು ಹಿಡಿದು ಹೇಳುತ್ತದೆ. ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಸೇರಿಕೊಳ್ಳುತ್ತದೆ. ‘ಬ್ಯಾಂಕ್‌ನಲ್ಲಿ’ ಎಂದು ಬರೆಯುವಾಗ ಕ್ ಮತ್ತು ನ ಒತ್ತಕ್ಷರವಾಗದಂತೆ ತಡೆಯುವ, ಅಗಲವೇ ಇಲ್ಲದ ಅಕ್ಷರ 8204. ಪದ ಅಳಿಸಿದ ಮೇಲೂ ಅದು ಅಂಕಿಯ ಪಕ್ಕದಲ್ಲಿ ಉಳಿದುಬಿಡಬಹುದು.

ಇಷ್ಟು ತಲೆಬಿಸಿ ಏಕೆ, ಅಂಕಿಯಲ್ಲದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿದರಾಯಿತಲ್ಲ ಎಂದು ಕೇಳಬಹುದು. ಅಳಿಸಿ ನೋಡೋಣ. ಅಂಟಿಸಿದ ಪಟ್ಟಿಯನ್ನು ಪಠ್ಯವಾಗಿಯೇ ಇಟ್ಟುಕೊಂಡು ಅಂಕಿ ಮತ್ತು ಚುಕ್ಕಿಗಳನ್ನು ಮಾತ್ರ ಉಳಿಸಿದರೆ ‘ರೂ.900’ ಎಂಬುದು ‘.900’ ಆಗುತ್ತದೆ, ಅಂದರೆ ತೊಂಬತ್ತು ಪೈಸೆ, ಮೊತ್ತ 5,752.90. ಚುಕ್ಕಿಯನ್ನೂ ಅಳಿಸಿದರೆ ಮೊದಲ ಐದು ಸಾಲು ಸರಿಹೋಗಿ 7,300 ಬರುತ್ತದೆ, ಆದರೆ ಕೊನೆಯ 850.50 ಬೆಳೆದು 85,050 ಆಗಿ ಒಟ್ಟು 92,350ಕ್ಕೆ ಏರುತ್ತದೆ. ಐದೇ ಸಾಲಿನ ಮೇಲೆ ಪರೀಕ್ಷೆ ಮಾಡಿದವರಿಗೆ ಈ ಉಪಾಯ ಸರಿಯೆಂದೇ ತೋರುತ್ತಿತ್ತು. ಯಾರಾದರೂ ‘೧೨೫೦’ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ, 0ರಿಂದ 9ರವರೆಗಿನದನ್ನು ಮಾತ್ರ ಉಳಿಸುವ ನಿಯಮ ಆ ಸಾಲನ್ನೇ ಬರಿದು ಮಾಡುತ್ತದೆ. ಚುಕ್ಕಿ ಒಂದೇ, ಆದರೆ ಅದು ಒಂದು ಸಾಲಿನಲ್ಲಿ ಸಂಕ್ಷೇಪದ ಗುರುತು, ಇನ್ನೊಂದರಲ್ಲಿ ಸಾವಿರದ ಗಡಿ, ಮತ್ತೊಂದರಲ್ಲಿ ಪೈಸೆಯ ಗಡಿ. ಮೂರಕ್ಕೂ ಒಂದೇ ನಿಯಮ ಸಲ್ಲದು.

ಆದ್ದರಿಂದ ಮೊದಲ ಕೆಲಸ ಅಂಟಿಸುವ ಮುಂಚಿನದು: ಕಾಲಂ ಅನ್ನು ಟೆಕ್ಸ್ಟ್ ಎಂದು ನಿಗದಿ ಮಾಡಿ, ಬಂದದ್ದನ್ನು ಬಂದಂತೆಯೇ ಇಳಿಸಿಕೊಳ್ಳಬೇಕು. 1.500 ಒಮ್ಮೆ 1.5 ಆಗಿ ಕೂತರೆ ಕೊನೆಯ ಸೊನ್ನೆಗಳು ಹೋದವು, ಅವುಗಳ ಜೊತೆ ಸಾವಿರದ ಸುಳಿವೂ ಹೋಯಿತು. ಪಕ್ಕದ B ಕಾಲಂನಲ್ಲಿ ಆ ಸಾಲು ಯಾವ ರೂಢಿಯದು ಎಂದು ಬರೆಯಬೇಕು. C ಕಾಲಂನಲ್ಲಿ, ನಮ್ಮ ರೂಢಿಯ ಸಾಲುಗಳಿಗೂ ಫ್ರೆಂಚ್ ಖಾಲಿ ಜಾಗದ ಸಾಲಿಗೂ ಈ ಸೂತ್ರ ಸಾಕು:

```
=NUMBERVALUE(SUBSTITUTE(SUBSTITUTE(SUBSTITUTE(A1,
 UNICHAR(160),""),UNICHAR(8239),""),"ರೂ.",""),".",",")
```

ಇದರಲ್ಲಿ ಅಳಿಸುವ ಪ್ರತಿಯೊಂದು ಅಕ್ಷರಕ್ಕೂ ಹೆಸರಿದೆ. ಕೊನೆಯ ಎರಡು ಗುರುತುಗಳು ಚುಕ್ಕಿಯನ್ನು ದಶಮಾಂಶವೆಂದೂ ಅಲ್ಪವಿರಾಮವನ್ನು ಗುಂಪು ಗಡಿಯೆಂದೂ ತಿಳಿಸುತ್ತವೆ. ಐದನೆಯ ಸಾಲಿಗೆ ಅವನ್ನು ಅದಲುಬದಲು ಮಾಡಿ =NUMBERVALUE(A5,",",".") ಎಂದರೆ 1500 ಸಿಗುತ್ತದೆ. ದಶಮಾಂಶದ ಚುಕ್ಕಿ ಎರಡು ಸಲ ಬಂದರೂ ಅದರ ಆಚೆಗೆ ಗುಂಪು ಗಡಿ ಕಾಣಿಸಿಕೊಂಡರೂ ಈ ಸೂತ್ರ ದೋಷ ತೋರಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಒಂದು ಕಡೆ ಮಾತ್ರ ಅದು ಕೈಕೊಡುತ್ತದೆ: ಬರಿದಾದ ಪಠ್ಯಕ್ಕೆ ಉತ್ತರವಾಗಿ 0 ಕೊಡುತ್ತದೆ. ಮೊತ್ತ ಕೆಡದಿದ್ದರೂ ಸರಾಸರಿ ಕೆಡುತ್ತದೆ, ಹಾಗಾಗಿ ಖಾಲಿ ಸಾಲುಗಳನ್ನು ಬೇರೆಯಾಗಿ ಎಣಿಸಬೇಕು.

ಪಠ್ಯ ಎಡಕ್ಕೆ, ಸಂಖ್ಯೆ ಬಲಕ್ಕೆ ಅಂಟಿಕೊಳ್ಳುತ್ತದೆ, ನೋಡಿದರೇ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಕಾಲಂ ಅನ್ನು ನಡುವಿಗೆ ಜೋಡಿಸಿದ್ದರೆ ಆ ಗುರುತು ಅಳಿಸಿಹೋಗುತ್ತದೆ; ಜೋಡಿಸದಿದ್ದರೂ ತಪ್ಪಾಗಿ ಸಂಖ್ಯೆಯಾದ 1.5 ಬಲಕ್ಕೇ ನಿಂತಿರುತ್ತದೆ. ನೋಟಕ್ಕಿಂತ ಎಣಿಕೆ ಗಟ್ಟಿ. ಖಜಾಂಚಿಯ ಮೊದಲ ಹಾಳೆಯಲ್ಲಿ COUNTA 6 ಎನ್ನುತ್ತದೆ, COUNT 3 ಎನ್ನುತ್ತದೆ. ಮೂರು ಸಾಲು ಲೆಕ್ಕದಿಂದ ಹೊರಗಿವೆ ಎಂಬುದು ಅಲ್ಲೇ ಬಯಲಾಗುತ್ತದೆ. ಒಳಗೇ ಇದ್ದು ಕೆಟ್ಟ ಐದನೆಯ ಸಾಲನ್ನು ಎಣಿಕೆ ಹಿಡಿಯಲಾರದು, MIN ಹಿಡಿಯುತ್ತದೆ: ನೂರಾರು ರೂಪಾಯಿಗಳ ಪಟ್ಟಿಯಲ್ಲಿ ಒಂದೂವರೆ ರೂಪಾಯಿಯ ಪಾಲು ಯಾರದ್ದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಜಗತ್ತೆಲ್ಲ ಒಂದೇ ರೂಢಿ ಪಾಲಿಸಬಾರದೇ ಎಂಬ ಮಾತೂ ಇದೆ. ತೂಕ ಮತ್ತು ಅಳತೆಗಳ ಮಹಾಸಮ್ಮೇಳನ 2003ರಲ್ಲಿ ದಶಮಾಂಶಕ್ಕೆ ಚುಕ್ಕಿ, ಅಲ್ಪವಿರಾಮ ಎರಡನ್ನೂ ಒಪ್ಪಿತು. ಅಂಕಿಗಳನ್ನು ಮೂರು ಮೂರಾಗಿ ಗುಂಪು ಮಾಡುವುದಾದರೆ ನಡುವೆ ಖಾಲಿ ಜಾಗ ಮಾತ್ರ ಇರಲಿ ಎಂದು 1948ರ ನಿಲುವನ್ನೇ ಮತ್ತೆ ಹೇಳಿತು. ಆದರೆ ನಮ್ಮ 1,25,000 ಎಂಬ ಬರವಣಿಗೆ ಮೂರರ ಗುಂಪಿಗೆ ಒಗ್ಗುವುದಿಲ್ಲ, ಲಕ್ಷದ ಲೆಕ್ಕವನ್ನು ಯಾರೂ ಬಿಡುವುದೂ ಇಲ್ಲ. ಹಲಸೂರು ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿ 1.500 ಎಂದು ತೋರಿಸಿದರೆ ಅದು ಒಂದೂವರೆ ಕಿಲೋ ಟೊಮೆಟೊ. ಅದೇ ಐದು ಗುರುತುಗಳು ಜರ್ಮನಿಯ ಪತ್ರದಲ್ಲಿ ಒಂದೂವರೆ ಸಾವಿರ. ಬರೆದವರ ಬೇರೆ ಸಾಲುಗಳಲ್ಲಿ 1.500,00 ಎಂಬಂಥದ್ದು ಸಿಕ್ಕರೆ ಸಂಶಯ ತೀರುತ್ತದೆ. ಸಿಗದಿದ್ದರೆ ಯಾವ ಸೂತ್ರವೂ ತೀರಿಸಲಾರದು. ಆಗ ಆ ಸಾಲನ್ನು ಪಠ್ಯವಾಗಿಯೇ ಬಿಟ್ಟು, ‘ಐದು ಮನೆಗಳಿಂದ 6,650.50, ಒಂದು ಮನೆಯವರನ್ನು ಕೇಳಬೇಕಿದೆ’ ಎಂದು ಮೊತ್ತದ ಕೆಳಗೇ ಬರೆದು, ಮಾಲೀಕರಿಗೆ ಫೋನ್ ಮಾಡಬೇಕು.